ಎರಡೂ ಕಡೆ 890 ಬಂತು, ಆದರೂ ಉತ್ತರ ತಪ್ಪು

ರಾಷ್ಟ್ರೀಯ ಆದಾಯದ ಲೆಕ್ಕವನ್ನು ನಾನು ಮೊದಲ ಸಲ ಮಾಡಿದಾಗ ವೆಚ್ಚ ವಿಧಾನದಲ್ಲೂ 890 ಬಂತು, ಆದಾಯ ವಿಧಾನದಲ್ಲೂ 890 ಬಂತು. ಎರಡು ಬೇರೆ ಬೇರೆ ದಾರಿ ಹಿಡಿದು ಒಂದೇ ಊರು ಸೇರಿದ ಮೇಲೆ ಇನ್ನೇನು ಅನುಮಾನ ಅಂತ ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೊಟ್ಟುಬಿಟ್ಟೆ. ಹಾಳೆ ವಾಪಸ್ ಬಂದಾಗ ಆ ಗೆರೆಗಳ ಮೇಲೆಯೇ ಕೆಂಪು ಶಾಯಿ. ಕೇಳಿದ್ದು ಮಾರುಕಟ್ಟೆ ಬೆಲೆಯಲ್ಲಿ ಒಟ್ಟು ದೇಶೀಯ ಉತ್ಪನ್ನ, ಅಂದರೆ ನಾವೆಲ್ಲ ಜಿಡಿಪಿ ಅನ್ನೋದು. ಸರಿಯುತ್ತರ 950.

ಎರಡು ಉತ್ತರ ಹೊಂದಿಕೆಯಾದರೆ ಲೆಕ್ಕ ಸರಿ ಅಂತಲೇ ಎಲ್ಲರೂ ಹೇಳಿಕೊಡುತ್ತಾರೆ. ಹಾಗಿದ್ದರೆ ನನ್ನದು ಯಾಕೆ ತಪ್ಪಾಯಿತು? ಅದೇ ಅಂಕಿಗಳ ಕೋಷ್ಟಕವನ್ನು ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡಿ ನೋಡೋಣ. ಇದು ಕಲ್ಪಿತ ದೇಶ, ಅಂಕಿಗಳೆಲ್ಲ ಕೋಟಿಯಲ್ಲಿ. ಸಾಲುಗಳನ್ನು ಬೇಕಂತಲೇ ಕಲಸಿ ಇಟ್ಟಿದ್ದೇನೆ, ಪ್ರಶ್ನೆಪತ್ರಿಕೆಯಲ್ಲೂ ಹಾಗೇ ಬರುತ್ತದೆ.

| ಬಾಬ್ತು | ಮೊತ್ತ |
|---|---|
| ಖಾಸಗಿ ಅಂತಿಮ ಅನುಭೋಗ ವೆಚ್ಚ | 600 |
| ಪರೋಕ್ಷ ತೆರಿಗೆ | 115 |
| ಕೂಲಿ ಮತ್ತು ಸಂಬಳ | 400 |
| ನಿವ್ವಳ ಸ್ಥಿರ ಬಂಡವಾಳ ಹೂಡಿಕೆ | 140 |
| ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ ಮುಂತಾದ ಸರ್ಕಾರಿ ನೆರವು | 45 |
| ಬಾಡಿಗೆ | 50 |
| ರಫ್ತು | 90 |
| ವರ್ಷದ ಆರಂಭದ ದಾಸ್ತಾನು | 40 |
| ಲಾಭ (ತೆರಿಗೆ ಕಳೆಯುವ ಮುಂಚೆ) | 140 |
| ಡಿವಿಡೆಂಡ್ | 60 |
| ಸರ್ಕಾರದ ಅಂತಿಮ ಅನುಭೋಗ ವೆಚ್ಚ | 150 |
| ಸಬ್ಸಿಡಿ | 25 |
| ವರ್ಷದ ಕೊನೆಯ ದಾಸ್ತಾನು | 60 |
| ಸವಕಳಿ | 60 |
| ಉತ್ಪಾದನಾ ಸಂಸ್ಥೆಗಳು ಕೊಟ್ಟ ಬಡ್ಡಿ | 70 |
| ಆಮದು | 110 |
| ಸಾಮಾಜಿಕ ಭದ್ರತೆಗೆ ಮಾಲೀಕರ ವಂತಿಗೆ | 40 |
| ಸಾಮಾಜಿಕ ಭದ್ರತೆಗೆ ನೌಕರರ ವಂತಿಗೆ | 15 |
| ಸ್ವಂತ ಉದ್ಯೋಗಿಗಳ ಮಿಶ್ರ ಆದಾಯ | 100 |
| ವಿದೇಶದಿಂದ ಬಂದ ಉತ್ಪಾದನಾಂಗ ಆದಾಯ | 15 |
| ವಿದೇಶಕ್ಕೆ ಹೋದ ಉತ್ಪಾದನಾಂಗ ಆದಾಯ | 25 |
| ಹಳೆಯ ಮನೆ ಮತ್ತು ಷೇರುಗಳ ಮಾರಾಟ | 80 |

ಇಷ್ಟುದ್ದದ ಪಟ್ಟಿ ನೋಡಿದ ತಕ್ಷಣ ಕ್ಯಾಲ್ಕುಲೇಟರ್ ಕೈಗೆತ್ತಿಕೊಳ್ಳಬೇಡಿ. ಮೊದಲು ಪೆನ್ಸಿಲ್ ಹಿಡಿದು ಒಂದೊಂದು ಸಾಲಿನ ಪಕ್ಕದಲ್ಲೂ ಒಂದು ಅಕ್ಷರ ಬರೆಯಿರಿ. ಯಾರೋ ಕೊಂಡಿದ್ದಕ್ಕೆ ಕೊಟ್ಟ ದುಡ್ಡಾದರೆ 'ವೆ'. ಉತ್ಪಾದನೆಯಲ್ಲಿ ಕೈಜೋಡಿಸಿದವರಿಗೆ ಸಿಕ್ಕ ದುಡ್ಡಾದರೆ 'ಆ'. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಲು ಬೇಕಾಗುವ ಅಂಕಿಯಾದರೆ 'ಸೇ', ಅಂದರೆ ಸೇತುವೆ. ಯಾವುದಕ್ಕೂ ಸೇರದಿದ್ದರೆ ಅದರ ಮೇಲೆ ಒಂದು ಅಡ್ಡಗೆರೆ. ತಪ್ಪುಗಳಲ್ಲಿ ಜಾಸ್ತಿ ಆಗೋದು ಈ ಹಂತದಲ್ಲೇ, ಕೂಡಿಸುವಾಗ ಅಲ್ಲ.

ಅಡ್ಡಗೆರೆ ಮೊದಲು ಬೀಳೋದು ಹಳೆಯ ಮನೆ ಮತ್ತು ಷೇರುಗಳ 80ಕ್ಕೆ. ಆ ಮನೆ ಕಟ್ಟಿದ ವರ್ಷದಲ್ಲೇ ಅದು ಲೆಕ್ಕಕ್ಕೆ ಬಂದಾಗಿದೆ, ಈಗ ಕೈ ಬದಲಾಗಿದೆ ಅಷ್ಟೆ. ಷೇರು ಅಂತೂ ಒಂದು ಹಕ್ಕುಪತ್ರ, ಅದನ್ನು ಮಾರಿದರೆ ಹೊಸದಾಗಿ ಏನೂ ತಯಾರಾಗುವುದಿಲ್ಲ. (ನಡುವೆ ನಿಂತು ವ್ಯಾಪಾರ ಕುದುರಿಸಿದ ದಲ್ಲಾಳಿಯ ಕಮಿಷನ್ ಮಾತ್ರ ಈ ವರ್ಷದ ಸೇವೆ, ಅದು ಲೆಕ್ಕಕ್ಕೆ ಬರುತ್ತದೆ.)

ಎರಡನೆಯದು ಸರ್ಕಾರಿ ನೆರವಿನ 45. ಇದನ್ನು ಸರ್ಕಾರದ ವೆಚ್ಚಕ್ಕೆ ಸೇರಿಸಬೇಕು ಅಂತ ಅನಿಸೋದು ಸಹಜ, ಸರ್ಕಾರದ ಜೇಬಿನಿಂದ ದುಡ್ಡು ಹೋಗಿದೆಯಲ್ವಾ? ಹೋಗಿದೆ, ಆದರೆ ಅದಕ್ಕೆ ಪ್ರತಿಯಾಗಿ ಸರ್ಕಾರ ಏನನ್ನೂ ಕೊಂಡಿಲ್ಲ. ವೃದ್ಧಾಪ್ಯ ವೇತನ ಪಡೆದವರು ಆ ದುಡ್ಡಿನಲ್ಲಿ ಔಷಧಿಯನ್ನೋ ಬಟ್ಟೆಯನ್ನೋ ಕೊಂಡಾಗ ಅದು ಖಾಸಗಿ ಅನುಭೋಗದ 600ರ ಒಳಗೆ ಬಂದೇ ಬರುತ್ತದೆ. ಇಲ್ಲೂ ಸೇರಿಸಿದರೆ ಒಂದೇ ದುಡ್ಡು ಎರಡು ಸಲ ಎಣಿಸಿದ ಹಾಗೆ.

ಈಗ ವೆಚ್ಚ ವಿಧಾನ. ಸೂತ್ರ ಎಲ್ಲರಿಗೂ ಬಾಯಿಪಾಠ: ಖಾಸಗಿ ಅನುಭೋಗ, ಸರ್ಕಾರದ ಅನುಭೋಗ, ಹೂಡಿಕೆ, ಜೊತೆಗೆ ರಫ್ತಿನಲ್ಲಿ ಆಮದು ಕಳೆದದ್ದು. ತೊಡಕು ಇರೋದು ಹೂಡಿಕೆಯಲ್ಲಿ. ಕೋಷ್ಟಕ ನಮಗೆ ಹೂಡಿಕೆಯನ್ನು ನೇರವಾಗಿ ಕೊಟ್ಟಿಲ್ಲ, ತುಂಡು ತುಂಡಾಗಿ ಕೊಟ್ಟಿದೆ.

ಸ್ಥಿರ ಬಂಡವಾಳ ಅಂದರೆ ಯಂತ್ರ, ಕಟ್ಟಡ, ರಸ್ತೆ ಇಂಥವು. ಅದು 140 ಅಂತಿದೆ, ಆದರೆ ಮುಂದೆ 'ನಿವ್ವಳ' ಅನ್ನುವ ಪದ ಇದೆ. ಅಂದರೆ ಈ ವರ್ಷ ಸವೆದುಹೋದ ಯಂತ್ರಗಳ ಬಾಬ್ತನ್ನು ಆಗಲೇ ಕಳೆದುಬಿಟ್ಟಿದ್ದಾರೆ. ಸವೆದದ್ದಕ್ಕೆ ಬದಲಾಗಿ ತಂದು ಕೂರಿಸಿದ ಹೊಸ ಯಂತ್ರವನ್ನೂ ಈ ವರ್ಷವೇ ಯಾರೋ ತಯಾರಿಸಿದ್ದಾರೆ, ಅವರ ಕೆಲಸ 'ಒಟ್ಟು' ಉತ್ಪನ್ನದಲ್ಲಿ ಬರಲೇಬೇಕು. ಹಾಗಾಗಿ ಸವಕಳಿಯ 60 ಮತ್ತೆ ಸೇರಿಸಿ ಒಟ್ಟು ಸ್ಥಿರ ಹೂಡಿಕೆಯನ್ನು 200 ಮಾಡಿಕೊಳ್ಳಬೇಕು.

ಆಮೇಲೆ ದಾಸ್ತಾನು. ವರ್ಷದ ಕೊನೆಗೆ ಗೋದಾಮಿನಲ್ಲಿ 60ರ ಮಾಲು ಉಳಿದಿದೆ. ಅದನ್ನು ಯಾರೂ ಕೊಂಡಿಲ್ಲ ನಿಜ, ಆದರೆ ತಯಾರಾಗಿದೆ. ಹಾಗಾಗಿ ತಯಾರಿಸಿದವನೇ ಅದನ್ನು ತನಗೆ ತಾನೇ ಕೊಂಡುಕೊಂಡ ಅಂತ ಭಾವಿಸುತ್ತಾರೆ. ಹಾಗಂತ ಪೂರ್ತಿ 60 ಸೇರಿಸುವಂತಿಲ್ಲ, ವರ್ಷದ ಆರಂಭದಲ್ಲೇ 40ರ ಮಾಲು ಅಲ್ಲಿತ್ತು, ಅದು ಹಿಂದಿನ ವರ್ಷದ ದುಡಿಮೆ. ಈ ವರ್ಷ ಹೆಚ್ಚಾದದ್ದು 20 ಮಾತ್ರ.

ಇನ್ನು ಆಮದು. ಇದನ್ನು ಕಳೆಯೋದು ಯಾಕೆ ಅಂತ ಕೇಳಿದರೆ 'ಆಮದಿನಿಂದ ದೇಶದ ದುಡ್ಡು ಹೊರಗೆ ಹೋಗುತ್ತೆ, ಅದಕ್ಕೆ' ಅನ್ನುವವರೇ ಹೆಚ್ಚು. ಕಾರಣ ಅದಲ್ಲ. ಹೊರದೇಶದಲ್ಲಿ ತಯಾರಾದ ಒಂದು ಫೋನನ್ನು ಯಾರೋ 100 ಕೊಟ್ಟು ಕೊಂಡರು ಅನ್ನಿ. ಆ 100 ಖಾಸಗಿ ಅನುಭೋಗದ ಒಳಗೆ ಸೇರಿಕೊಂಡಿರುತ್ತದೆ, ಯಾಕಂದರೆ ಅಲ್ಲಿ ಕೊಂಡಿದ್ದೆಲ್ಲವನ್ನೂ ಎಣಿಸುತ್ತಾರೆ, ಎಲ್ಲಿ ತಯಾರಾಯಿತು ಅಂತ ಕೇಳುವುದಿಲ್ಲ. ಆಮೇಲೆ ಆಮದು ಅಂತ 100 ಕಳೆದಾಗ ಎರಡೂ ಸೇರಿ ಸೊನ್ನೆ. ಫೋನ್ ಬಂದಿದ್ದರಿಂದ ಜಿಡಿಪಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅನುಭೋಗ, ಹೂಡಿಕೆ, ಸರ್ಕಾರದ ವೆಚ್ಚ ಈ ಮೂರರ ಒಳಗೂ ನುಸುಳಿಕೊಂಡಿರುವ ಹೊರಗಿನ ಮಾಲನ್ನು ಒಂದೇ ಏಟಿಗೆ ಹೊರಹಾಕುವ ಉಪಾಯ ಇದು.

```
600 + 150 + (140 + 60) + (60 − 40) + 90 − 110 = 950
```

ಮಾರುಕಟ್ಟೆ ಬೆಲೆಯಲ್ಲಿ ಒಟ್ಟು ದೇಶೀಯ ಉತ್ಪನ್ನ 950.

ಈಗ ಇನ್ನೊಂದು ದಾರಿ. ಆದಾಯ ವಿಧಾನದಲ್ಲಿ ಯಾರು ಏನು ಕೊಂಡರು ಅನ್ನುವುದನ್ನು ಮರೆತುಬಿಡಿ, ಉತ್ಪಾದನೆಯಿಂದ ಯಾರಿಗೆ ಎಷ್ಟು ಸಿಕ್ಕಿತು ಅಂತ ನೋಡಿ. ಮೊದಲು ನೌಕರರು. ಕೂಲಿ ಮತ್ತು ಸಂಬಳ 400. ಅವರ ಭದ್ರತೆಗೆ ಮಾಲೀಕರು ಕಟ್ಟಿದ 40 ಕೂಡ ಅವರ ದುಡಿಮೆಯ ಬೆಲೆಯೇ, ಸಂಬಳದ ಮೇಲೆ ಹೆಚ್ಚಾಗಿ ಕೊಟ್ಟದ್ದು. ನೌಕರರೇ ಕಟ್ಟಿದ 15 ಹಾಗಲ್ಲ. ಅದು ಅವರ ಸಂಬಳದಲ್ಲೇ ಹಿಡಿದುಕೊಂಡ ದುಡ್ಡು, 400ರ ಒಳಗೆ ಆಗಲೇ ಇದೆ. ಆ ಸಾಲಿಗೂ ಅಡ್ಡಗೆರೆ. ನೌಕರರಿಗೆ ಒಟ್ಟು 440.

ಬಾಡಿಗೆ 50, ಬಡ್ಡಿ 70, ಇವೆರಡರಲ್ಲಿ ಏನೂ ಗೋಜಲಿಲ್ಲ.

ಲಾಭದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ತೆರಿಗೆಗೆ ಮುಂಚಿನ ಲಾಭ 140 ಅಂತಿದೆ, ಡಿವಿಡೆಂಡ್ 60 ಅಂತ ಬೇರೆ ಸಾಲೂ ಇದೆ. ಕಂಪನಿಯ ಲಾಭ ಮೂರು ಪಾಲಾಗುತ್ತದೆ: ಒಂದು ಪಾಲು ಕಂಪನಿ ತೆರಿಗೆಗೆ, ಒಂದು ಪಾಲು ಷೇರುದಾರರಿಗೆ ಡಿವಿಡೆಂಡ್ ಆಗಿ, ಮಿಕ್ಕಿದ್ದು ಕಂಪನಿಯಲ್ಲೇ ಉಳಿಯುತ್ತದೆ. ಅಂದರೆ 60 ಅನ್ನೋದು 140ರ ಹೊಟ್ಟೆಯೊಳಗೇ ಇದೆ. ಇಡಿಯಾಗಿ ಕೊಟ್ಟಿದ್ದರೆ ಪಾಲುಗಳನ್ನು ಬಿಡಿ. ಪಾಲುಗಳನ್ನಷ್ಟೇ ಕೊಟ್ಟಿದ್ದರೆ ಮೂರನ್ನೂ ಕೂಡಿಸಿ, ಆಗ ಕಂಪನಿ ತೆರಿಗೆಯನ್ನು ಮರೆಯಬೇಡಿ. ಅದು ಸರ್ಕಾರಕ್ಕೆ ಹೋದರೂ ಉತ್ಪಾದನೆಯಲ್ಲಿ ಹುಟ್ಟಿದ ಗಳಿಕೆಯ ಭಾಗವೇ.

ಕೊನೆಯದು ಮಿಶ್ರ ಆದಾಯ 100. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ದುಡಿಯುವ ದರ್ಜಿಯೊಬ್ಬರ ಗಳಿಕೆಯಲ್ಲಿ ಕೂಲಿ ಎಷ್ಟು, ಜಾಗದ ಬಾಡಿಗೆ ಎಷ್ಟು, ಲಾಭ ಎಷ್ಟು ಅಂತ ಅವರಿಗೂ ಹೇಳಲಾಗದು. ಹಾಗಾಗಿ ಬಿಡಿಸದೆ ಹಾಗೇ ತೆಗೆದುಕೊಳ್ಳುತ್ತಾರೆ.

```
440 + 50 + 70 + 140 + 100 = 800
```

800! ಆ ಕಡೆ 950, ಈ ಕಡೆ 800. ಇಲ್ಲಿ ಗಾಬರಿಯಾಗಿ ವಾಪಸ್ ಹೋಗಿ ಸರ್ಕಾರಿ ನೆರವಿನ 45 ಸೇರಿಸುವವರನ್ನು ನೋಡಿದ್ದೇನೆ, ಹೇಗಾದರೂ ಮಾಡಿ 950ರ ಹತ್ತಿರ ತರಬೇಕು ಅನ್ನುವ ಆತುರ. ಬೇಕಿಲ್ಲ. ಈ 150ರ ಅಂತರ ನ್ಯಾಯವಾದದ್ದು. ಎರಡು ಅಂಕಿಗಳು ಒಂದೇ ಉತ್ಪನ್ನವನ್ನು ಬೇರೆ ಬೇರೆ ಅಳತೆಕೋಲಿನಿಂದ ಅಳೆದಿವೆ, ಅಷ್ಟೆ.

ಒಂದು ವಸ್ತುವಿಗೆ ಗಿರಾಕಿ 118 ಕೊಟ್ಟ, ಅದರಲ್ಲಿ 18 ತೆರಿಗೆ ಅನ್ನಿ. ವೆಚ್ಚದ ಕಡೆಯಿಂದ ನೋಡಿದರೆ 118 ಕಾಣುತ್ತದೆ. ತಯಾರಿಸಿದವರು ಕೂಲಿ, ಬಾಡಿಗೆ, ಬಡ್ಡಿ, ಲಾಭ ಅಂತ ಹಂಚಿಕೊಳ್ಳಲು ಸಿಗೋದು 100 ಮಾತ್ರ, ಈ ಅಳತೆಗೇ ಉತ್ಪಾದನಾಂಗ ವೆಚ್ಚ ಅನ್ನೋದು. ಸಬ್ಸಿಡಿ ಇದ್ದರೆ ಉಲ್ಟಾ: ಗಿರಾಕಿ 80 ಕೊಡುತ್ತಾನೆ, ಸರ್ಕಾರ 20 ತುಂಬಿಕೊಡುತ್ತದೆ, ತಯಾರಿಸಿದವರಿಗೆ 100 ಸಿಗುತ್ತದೆ. ಹಾಗಾಗಿ ಆದಾಯದ ಕಡೆಯಿಂದ ಮಾರುಕಟ್ಟೆ ಬೆಲೆಗೆ ಬರಬೇಕಾದರೆ ಪರೋಕ್ಷ ತೆರಿಗೆ ಸೇರಿಸಬೇಕು, ಸಬ್ಸಿಡಿ ಕಳೆಯಬೇಕು. 115ರಲ್ಲಿ 25 ಕಳೆದರೆ 90.

ಇನ್ನೊಂದು ಸವಕಳಿ. ಇಲ್ಲಿ ಸಿಕ್ಕ ಲಾಭ ಯಂತ್ರದ ಸವೆತಕ್ಕೆ ದುಡ್ಡು ಎತ್ತಿಟ್ಟ ನಂತರದ್ದು. ಆ 60 ಯಾರ ಆದಾಯವಾಗಿಯೂ ಕಾಣಿಸಿಕೊಳ್ಳುವುದಿಲ್ಲ, ಆದರೆ ಸರಕಿನ ಬೆಲೆಯೊಳಗೆ ಅದು ಇದೆ.

```
800 + 60 + (115 − 25) = 950
```

ಈಗ ನನ್ನ 890ಕ್ಕೆ ಬರೋಣ. ವೆಚ್ಚದ ಕಡೆ ನಾನು ಹೂಡಿಕೆ ಅಂತ 140 ತೆಗೆದುಕೊಂಡಿದ್ದೆ, 'ನಿವ್ವಳ' ಅನ್ನುವ ಪದವನ್ನು ಓದಿಯೂ ಓದದ ಹಾಗೆ ಮುಂದೆ ಹೋಗಿದ್ದೆ. 600, 150, 140, 20, 90 ಕೂಡಿಸಿ 110 ಕಳೆದರೆ 890. ಆದಾಯದ ಕಡೆ ತೆರಿಗೆಯ 90 ನೆನಪಿಟ್ಟು ಸೇರಿಸಿದ್ದೆ, ಸವಕಳಿ ಮರೆತಿದ್ದೆ. 800ಕ್ಕೆ 90 ಕೂಡಿಸಿದರೆ 890. ಎರಡೂ ಕಡೆ ಒಂದೇ 60 ಬಿಟ್ಟುಹೋಗಿತ್ತು. ಅಂಕಗಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ 890 ಒಂದು ಸರಿಯಾದ ಅಂಕಿಯೇ, ಮಾರುಕಟ್ಟೆ ಬೆಲೆಯಲ್ಲಿ ನಿವ್ವಳ ದೇಶೀಯ ಉತ್ಪನ್ನ. ಕೇಳದೇ ಇದ್ದ ಪ್ರಶ್ನೆಗೆ ಸರಿಯುತ್ತರ ಬರೆದಿದ್ದೆ!

ಹಾಗಾಗಿ ಎರಡು ಕಡೆ ಹೊಂದಿಕೆಯಾಯಿತು ಅಂದರೆ ಎರಡೂ ಒಂದೇ ಅಳತೆಯಲ್ಲಿವೆ ಅಂತ ಮಾತ್ರ ಅರ್ಥ, ಅದು ಕೇಳಿದ ಅಳತೆಯೇ ಅನ್ನುವ ಖಾತ್ರಿ ಇಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ. ಪ್ರತಿ ಉಪಮೊತ್ತದ ಪಕ್ಕದಲ್ಲೂ ಮೂರು ಪದ ಬರೆಯೋದು: ಒಟ್ಟೋ ನಿವ್ವಳವೋ, ಮಾರುಕಟ್ಟೆ ಬೆಲೆಯೋ ಉತ್ಪಾದನಾಂಗ ವೆಚ್ಚವೋ, ದೇಶೀಯವೋ ರಾಷ್ಟ್ರೀಯವೋ. 800ರ ಪಕ್ಕದಲ್ಲಿ 'ನಿವ್ವಳ, ಉತ್ಪಾದನಾಂಗ ವೆಚ್ಚ, ದೇಶೀಯ' ಅಂತ ಬರೆದರೆ 950ಕ್ಕೆ ಹೋಗಲು ಯಾವ ಸೇತುವೆಗಳು ಬೇಕು ಅನ್ನುವುದು ಪದಗಳಲ್ಲೇ ಕಾಣುತ್ತದೆ. ಮೊದಲ ಎರಡು ಪದ ಬದಲಾಗಬೇಕು, ಅಂದರೆ ಎರಡು ಸೇತುವೆ.

ಇನ್ನು ಉತ್ತರಗಳು ಹೊಂದದೇ ಇದ್ದಾಗ ಏನು ಮಾಡೋದು? ಮೊದಲಿನಿಂದ ಮತ್ತೆ ಕೂಡಿಸುತ್ತಾ ಕೂರುವ ಮುಂಚೆ ಅಂತರವನ್ನು ನೋಡಿ, ಆ ಅಂಕಿ ಕೋಷ್ಟಕದಲ್ಲಿ ಎಲ್ಲಾದರೂ ಇದೆಯಾ ಅಂತ ಹುಡುಕಿ. ಅಂತರ 15 ಬಂದು ಆದಾಯದ ಕಡೆ ಜಾಸ್ತಿ ಇದ್ದರೆ ನೌಕರರ ವಂತಿಗೆಯನ್ನು ಎರಡನೇ ಸಲ ಸೇರಿಸಿರುವ ಸಾಧ್ಯತೆ ಹೆಚ್ಚು. ಹಾಗೆ ಸಿಗದಿದ್ದರೆ ಅಂತರವನ್ನು ಅರ್ಧ ಮಾಡಿ ನೋಡಿ. ಕಳೆಯಬೇಕಾದ್ದನ್ನು ಕೂಡಿಸಿಬಿಟ್ಟರೆ ತಪ್ಪು ಎರಡುಪಟ್ಟಾಗುತ್ತದೆ. ಆಮದನ್ನು ಕೂಡಿಸಿದರೆ ವೆಚ್ಚದ ಕಡೆ 1170 ಬರುತ್ತದೆ, ಅಂತರ 220, ಅರ್ಧ 110. ಸಿಕ್ಕಿಬಿತ್ತು.

ಆದರೆ ಈ ಪತ್ತೇದಾರಿಕೆಗೂ ಮಿತಿ ಇದೆ. ವೆಚ್ಚದ ಕಡೆ 40 ಜಾಸ್ತಿ ಬಂದಿದೆ ಅನ್ನಿ. ಆರಂಭದ ದಾಸ್ತಾನನ್ನು ಕಳೆಯಲು ಮರೆತು ವೆಚ್ಚ 990 ಆಗಿರಬಹುದು. ಇಲ್ಲವೇ ವೆಚ್ಚ 950 ಸರಿಯಾಗಿಯೇ ಇದ್ದು, ಮಾಲೀಕರ ವಂತಿಗೆಯ 40 ಬಿಟ್ಟುಹೋಗಿ ಆದಾಯ 910ಕ್ಕೆ ನಿಂತಿರಬಹುದು. ಅಂತರ ನೋಡಿ ಯಾವುದು ಅಂತ ಹೇಳಲಾಗದು, ಎರಡೂ ಸಾಲುಗಳನ್ನು ತೆರೆದು ನೋಡಲೇಬೇಕು. 60ರ ಅಂತರ ಬಂದರಂತೂ ಸವಕಳಿ, ಡಿವಿಡೆಂಡ್, ಕೊನೆಯ ದಾಸ್ತಾನು ಮೂವರೂ ಶಂಕಿತರೇ.

ಇಲ್ಲಿಯವರೆಗೆ ವಿದೇಶದ 15 ಮತ್ತು 25 ಮುಟ್ಟೇ ಇಲ್ಲ, ಗಮನಿಸಿದಿರಾ? ಎರಡು ವಿಧಾನಗಳಲ್ಲೂ ನಾವು ದೇಶದ ಗಡಿಯೊಳಗೆ ಆದ ಉತ್ಪಾದನೆಯನ್ನೇ ಅಳೆದೆವು. ನಮ್ಮವರು ಹೊರಗೆ ಗಳಿಸಿದ್ದು ಬಂದದ್ದು 15, ಹೊರಗಿನವರು ಇಲ್ಲಿ ಗಳಿಸಿ ಒಯ್ದದ್ದು 25. ನಿವ್ವಳ −10. ಪ್ರಶ್ನೆಯಲ್ಲಿ 'ರಾಷ್ಟ್ರೀಯ' ಅಂತ ಕೇಳಿದರೆ ಮಾತ್ರ ಇದನ್ನು ತರಬೇಕು. ಆಗ ಒಟ್ಟು ರಾಷ್ಟ್ರೀಯ ಉತ್ಪನ್ನ 940. ಪಠ್ಯಪುಸ್ತಕಗಳಲ್ಲಿ ಸುಮ್ನೆ 'ರಾಷ್ಟ್ರೀಯ ಆದಾಯ' ಅಂತ ಕರೆಯೋದು ಉತ್ಪಾದನಾಂಗ ವೆಚ್ಚದಲ್ಲಿನ ನಿವ್ವಳ ರಾಷ್ಟ್ರೀಯ ಉತ್ಪನ್ನವನ್ನು, ಅಂದರೆ 800ರಲ್ಲಿ 10 ಕಳೆದು 790. ಕೆಲವು ಪ್ರಶ್ನೆಗಳಲ್ಲಿ 'ವಿದೇಶಕ್ಕೆ ಹೋದ ನಿವ್ವಳ ಆದಾಯ 10' ಅಂತ ತಿರುಗಿಸಿ ಕೊಟ್ಟಿರುತ್ತಾರೆ. 10ರ ಹಿಂದೆ ಋಣಚಿಹ್ನೆ ಇಲ್ಲ ಅಂತ ಕೂಡಿಸಿಬಿಟ್ಟರೆ 810 ಬರುತ್ತದೆ. 'ವಿದೇಶಕ್ಕೆ' ಅನ್ನುವಲ್ಲಿರುವ ಆ 'ಕ್ಕೆ' ಪ್ರತ್ಯಯವೇ ಇಲ್ಲಿ ಚಿಹ್ನೆ.

ಒಂದು ಮಾತು ಬಾಕಿ ಇದೆ. ನಿಜವಾದ ದೇಶಗಳ ಲೆಕ್ಕದಲ್ಲಿ ಎರಡು ಕಡೆ ಹೀಗೆ ಕರಾರುವಾಕ್ಕಾಗಿ ಕೂಡಿ ಬರುವುದಿಲ್ಲ. ವೆಚ್ಚದ ಅಂಕಿಗಳು ಒಂದು ಕಡೆಯಿಂದ, ಆದಾಯದ ಅಂಕಿಗಳು ಇನ್ನೊಂದು ಕಡೆಯಿಂದ ಬರುತ್ತವೆ, ಮಾರಾಟದ ಸಮೀಕ್ಷೆಯೂ ತೆರಿಗೆ ದಾಖಲೆಯೂ ಒಂದೇ ಮಾತು ಹೇಳಬೇಕೆಂದೇನಿಲ್ಲ. ಆ ಅಂತರವನ್ನು ಮುಚ್ಚಿಡುವುದಿಲ್ಲ, ಅಂಕಿಅಂಶ ವ್ಯತ್ಯಾಸ ಅಂತ ಹೆಸರಿಟ್ಟು ಒಂದು ಸಾಲಾಗಿ ಅಚ್ಚು ಹಾಕುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಆ ಸಾಲು ಆದಾಯದ ಕಡೆ ಇರುತ್ತದೆ, ಭಾರತದ ಲೆಕ್ಕದಲ್ಲಿ ವೆಚ್ಚದ ಕಡೆ. ನಿಮಗೆ ಸಿಕ್ಕ ಕೋಷ್ಟಕದಲ್ಲಿ ಅಂಥ ಸಾಲು ಇದ್ದರೆ ಅದಕ್ಕೆ ಅಡ್ಡಗೆರೆ ಎಳೆಯಬೇಡಿ. ಅದು ಯಾವ ಕಡೆ ಇದೆಯೋ ಆ ಕಡೆಯಲ್ಲೇ, ಚಿಹ್ನೆಯ ಸಮೇತ, ಕೊನೆಯಲ್ಲಿ ಸೇರಿಸಿ.